ಉದ್ದದ ಇಂಗ್ಲಿಷ್ ಮೇಲ್‌ನಿಂದ ಮ್ಯಾನೇಜರ್‌ಗೆ ಕನ್ನಡದ ಕೆಲಸದ ಪಟ್ಟಿ

ಬೆಂಗಳೂರಿನ ಒಂದು ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ನಾನು ಮರ್ಚಂಡೈಸರ್. ನ್ಯೂಯಾರ್ಕ್‌ನ ಬಯರ್ ಜೊತೆ ಒಂದೇ ಪೋಲೋ ಟೀ ಶರ್ಟ್ ಆರ್ಡರ್ ಬಗ್ಗೆ ಮೇಲ್‌ಗಳು ಸರಮಾಲೆಯಾಗಿ ಬರುತ್ತವೆ. ನಮ್ಮ ಪ್ರೊಡಕ್ಷನ್ ಮ್ಯಾನೇಜರ್ ದಿನವಿಡೀ ಲೈನ್ ಮೇಲೆ ಇರುತ್ತಾರೆ. ಅವರಿಗೆ ಬೇಕಾದದ್ದು ವಾಟ್ಸಾಪ್‌ನಲ್ಲಿ ನಾಲ್ಕೈದು ಸಾಲು, ಅಷ್ಟೇ.

ನಾನು ಮೊದಲ ಮೇಲ್‌ನಿಂದ ಓದುತ್ತೇನೆ, ಆದರೆ ಮೇಲ್ ಲೆಕ್ಕದಲ್ಲಿ ಟಿಪ್ಪಣಿ ಮಾಡುವುದಿಲ್ಲ. ಬಣ್ಣ, ಬಟನ್, ಕಾರ್ಟನ್ ಅಂತ ವಿಷಯಕ್ಕೊಂದು ಸಾಲು ಹಾಕಿ, ಅದರ ಮುಂದೆ ಯಾರು ಯಾವತ್ತು ಏನು ಹೇಳಿದರು ಅಂತ ಬರೆಯುತ್ತೇನೆ. ಕೊನೆಗೆ ಉಳಿದ ಮಾತು ಪಟ್ಟಿಗೆ ಹೋಗುತ್ತದೆ.

ಕೊನೆಯ ಮಾತು ಯಾವುದು ಅನ್ನುವುದೇ ಕಷ್ಟ. ಒಮ್ಮೆ ನೇವಿ ಬಣ್ಣಕ್ಕೆ ಲ್ಯಾಬ್ ಡಿಪ್, ಅಂದರೆ ಡೈ ಮಾಡಿದ ಬಟ್ಟೆಯ ಚಿಕ್ಕ ಮಾದರಿಗಳನ್ನು, ‘ಎ’ ಮತ್ತು ‘ಬಿ’ ಅಂತ ಕಳಿಸಿದ್ದೆವು. ಮಂಗಳವಾರ ಬಯರ್ ‘ಬಿ’ ಒಪ್ಪಿದರು. ಗುರುವಾರ ಅವರ ಡಿಸೈನರ್ ‘ಎ’ ಚೆನ್ನಾಗಿದೆ ಅಂದರು. ದಿನಾಂಕ ನೋಡಿದರೆ ‘ಎ’ ಗೆದ್ದಂತೆ. ಆದರೆ ಡಿಸೈನರ್ ಉತ್ತರ ಕೊಟ್ಟಿದ್ದು ಸೋಮವಾರದ ಮೇಲ್‌ಗೆ. ಕೆಳಗೆ ಅಂಟಿಕೊಂಡಿದ್ದ ಹಳೇ ಮೇಲ್ ನೋಡಿದಾಗ ಇದು ಗೊತ್ತಾಯಿತು. ಮಂಗಳವಾರದ ಒಪ್ಪಿಗೆಯನ್ನು ಅವರು ನೋಡಿಯೇ ಇರಲಿಕ್ಕಿಲ್ಲ, ಅಲ್ವಾ? ಇಂಥದ್ದನ್ನು ನಾನೇ ತೀರ್ಮಾನ ಮಾಡಿ ಕೆಲಸವಾಗಿ ಬರೆಯುವುದಿಲ್ಲ. ಪ್ರಶ್ನೆಯಾಗಿಯೇ ಇಡುತ್ತೇನೆ, ಅಲ್ಲಿಯವರೆಗೆ ಯಾವುದನ್ನು ನಿಲ್ಲಿಸಬೇಕು ಅಂತಲೂ ಹೇಳುತ್ತೇನೆ. ತಪ್ಪು ಬಣ್ಣದಲ್ಲಿ ಡೈ ಆದ ಬಟ್ಟೆ ಯಾರಿಗೂ ಬೇಡ.

ದಿನಾಂಕವನ್ನು ವಾರದ ಹೆಸರಿನ ಜೊತೆ ಬಿಡಿಸಿ ಬರೆಯುತ್ತೇನೆ. ಅಮೆರಿಕದವರು 06/05 ಅಂದರೆ ಜೂನ್ 5. ನಮ್ಮವರು ಮೇ 6 ಅಂದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಅಲ್ಲಿನ ಶುಕ್ರವಾರ ಸಂಜೆ 5 ಅಂದರೆ ನಮಗೆ ಶನಿವಾರ ಬೆಳಗಿನ ಜಾವ 2:30. ಹಾಗಾಗಿ ಅವರು ಶುಕ್ರವಾರದೊಳಗೆ ಅಂದರೆ ನಾನು ನಮ್ಮ ಶುಕ್ರವಾರ ಸಂಜೆ ಅಂತಲೇ ಹಾಕುತ್ತೇನೆ.

ಇನ್ನೊಂದು ಗಮನಿಸಬೇಕು. ‘ಕಾರ್ಟನ್ ಮತ್ತೆ ಟೆಸ್ಟ್ ಆದರೆ ಒಳ್ಳೆಯದು’ ಅಂತ ಬಯರ್ ನಯವಾಗಿ ಬರೆದರೂ ಅದು ಆದೇಶವೇ. ಯಾರು ಮಾಡಬೇಕು ಅಂತ ಮಾತ್ರ ಅದರಲ್ಲಿ ಇರುವುದಿಲ್ಲ. ಸುಮ್ನೆ ಊಹೆ ಮಾಡದೆ, ಸಂಬಂಧಪಟ್ಟವರಿಗೆ ಫೋನ್ ಮಾಡಿ ಕೇಳಿ ಹೆಸರು ಹಾಕುತ್ತೇನೆ.

ಆ ದಿನ ಕಳಿಸಿದ್ದು ಹೀಗಿತ್ತು:

ಸರ್, ಪೋಲೋ ಆರ್ಡರ್.
1. ನೀವು: ನೇವಿ ಡೈಯಿಂಗ್ ಶುರು ಮಾಡಿಸಬೇಡಿ. ಎ ಅಥವಾ ಬಿ ಅಂತ ಬಯರ್ ಹೇಳಬೇಕು. ನಾನು ಇವತ್ತೇ ಕೇಳುತ್ತೇನೆ.
2. ನೀವು: ಬಿಳಿ ಬಣ್ಣದ ಕಟಿಂಗ್ ಶುರು ಮಾಡಿಸಬಹುದು. ಒಪ್ಪಿಗೆ ಬಂದಿದೆ.
3. ಪ್ಯಾಕಿಂಗ್ ವಿಭಾಗ: ಕಾರ್ಟನ್ ಟೆಸ್ಟ್ ರಿಪೋರ್ಟ್, ಶುಕ್ರವಾರ ಜೂನ್ 5 ಸಂಜೆಯೊಳಗೆ.

ಮ್ಯಾನೇಜರ್ ಮಾಡಬೇಕಾದ ಕೆಲಸ ಯಾವಾಗಲೂ ಪಟ್ಟಿಯ ಮೇಲೆ ಇರುತ್ತದೆ. ಸುಮ್ನೆ ತಿಳಿದುಕೊಳ್ಳುವ ಸಂಗತಿಗಳಿಗೆ ಪಟ್ಟಿಯಲ್ಲಿ ಜಾಗವಿಲ್ಲ, ಕೇಳಿದರೆ ಹೇಳುತ್ತೇನೆ. ಪ್ರತಿ ಸಾಲು ಯಾವ ಮೇಲ್‌ನಿಂದ ಬಂತು ಅನ್ನುವುದು ನನ್ನ ನೋಟ್‌ಬುಕ್‌ನಲ್ಲಿರುತ್ತದೆ. ಸಾಲಿಗೆ ನಂಬರ್ ಇರುವುದರಿಂದ ಅವರು ಲೈನ್ ಮೇಲಿಂದಲೇ ‘2 ಆಯ್ತು’ ಅಂತ ಉತ್ತರಿಸುತ್ತಾರೆ.