ಇಬ್ಬರಿಗೂ ಎಂಟೇ ಬಂತು, ಫೋಕಸ್ ಮಾತ್ರ ತಪ್ಪಿತ್ತು

ಅಕ್ಕನ ಮಗಳು ಪಿಯುಸಿ ಓದುತ್ತಿದ್ದಾಳೆ. ಒಂದು ರಾತ್ರಿ ಊಟಕ್ಕೆ ಕೂರುವ ಹೊತ್ತಿಗೆ ವಾಟ್ಸಾಪ್‌ನಲ್ಲಿ ಫೋಟೋ ಬಂತು. ಪ್ರಶ್ನೆಪತ್ರಿಕೆಯ ಪುಟ, ಅರ್ಧಕ್ಕೆ ಫ್ಲ್ಯಾಶ್ ಬಿದ್ದು ಬೆಳ್ಳಗಾಗಿದೆ, ಮಡಿಕೆ ಬೇರೆ. ಕೆಳಗೆ, "ಮಾಮ, ಫೋಕಸ್, ಡೈರೆಕ್ಟ್ರಿಕ್ಸ್, ಲೇಟಸ್ ರೆಕ್ಟಮ್ ಮೂರೂ ಬೇಕು. ನನಗೆ ಲೇಟಸ್ ರೆಕ್ಟಮ್ ಮಾತ್ರ ಕೀ ಆನ್ಸರ್‌ಗೆ ಹೊಂದ್ತಿದೆ."

ನಾನು ಓದಿಕೊಂಡದ್ದು ಹೀಗೆ:

2y² − 12y + 16x + 30 = 0

y ಗೆ ಮಾತ್ರ ವರ್ಗ ಇದೆ, x ಗೆ ಇಲ್ಲ. ಹಾಗಾಗಿ ಪ್ಯಾರಾಬೋಲಾ, ಅದೂ ಅಡ್ಡ ಮಲಗಿದ್ದು. ಮೊದಲು ಎಲ್ಲವನ್ನೂ 2 ರಿಂದ ಭಾಗಿಸಿದೆ. ವರ್ಗ ಪೂರ್ಣಗೊಳಿಸುವಾಗ y² ಹಿಂದೆ ಯಾವ ಸಂಖ್ಯೆಯೂ ಇರಬಾರದು, ಇದು ನನ್ನ ಹಳೇ ರೂಢಿ. y² − 6y ಉಳಿಯಿತು. 6 ರ ಅರ್ಧ 3, ಅದರ ವರ್ಗ 9. ಎರಡೂ ಕಡೆ 9 ಸೇರಿಸಿದರೆ:

(y − 3)² = −8x − 15 + 9 = −8(x + 3/4)

ಶೃಂಗ (−3/4, 3). 4a = 8, ಅಂದರೆ a = 2. ಮೈನಸ್ ಇರುವುದರಿಂದ ಬಾಯಿ ಎಡಕ್ಕೆ. ಫೋಕಸ್ ಎಡಕ್ಕೆ 2 ಸರಿದು (−11/4, 3), ಡೈರೆಕ್ಟ್ರಿಕ್ಸ್ ಬಲಕ್ಕೆ 2 ಸರಿದು x = 5/4, ಲೇಟಸ್ ರೆಕ್ಟಮ್ 8. ಕಳಿಸಿದೆ.

"ಅಲ್ಲ ಮಾಮ, ಕೀನಲ್ಲಿ ಫೋಕಸ್ (−4, 3), ಡೈರೆಕ್ಟ್ರಿಕ್ಸ್ y-ಅಕ್ಷ. ನನಗೆ ಫೋಕಸ್ (−73/16, 3) ಬಂತು."

ಇಬ್ಬರದೂ ಬೇರೆ ಬೇರೆ ತಪ್ಪು, ಆದರೆ ಲೇಟಸ್ ರೆಕ್ಟಮ್ ಇಬ್ಬರಿಗೂ 8, ಕೀನಲ್ಲೂ 8. ಸುಮ್ನೆ ಇನ್ನೊಮ್ಮೆ ಲೆಕ್ಕ ಮಾಡುವ ಬದಲು ಇದನ್ನೇ ಹಿಡಿದು ಯೋಚಿಸಿದೆ. 8 ಎಲ್ಲಿಂದ ಬಂತು? 16 ಅನ್ನು 2 ರಿಂದ ಭಾಗಿಸಿದ್ದರಿಂದ. ಕೊನೆಯ ಸಂಖ್ಯೆಗೂ ಅದಕ್ಕೂ ಸಂಬಂಧವೇ ಇಲ್ಲ. ಕೊನೆಯ ಸಂಖ್ಯೆ ಬದಲಾದರೆ ಇಡೀ ಪ್ಯಾರಾಬೋಲಾ ಎಡಕ್ಕೋ ಬಲಕ್ಕೋ ಜಾರುತ್ತದೆ ಅಷ್ಟೇ. ಅದರ ಜೊತೆ ಫೋಕಸ್, ಡೈರೆಕ್ಟ್ರಿಕ್ಸ್ ಕೂಡ ಜಾರುತ್ತವೆ, ಆದರೆ ಫೋಕಸ್ ಇರುವಲ್ಲಿನ ಅಗಲ, ಅಂದರೆ ಲೇಟಸ್ ರೆಕ್ಟಮ್, ಬದಲಾಗುವುದಿಲ್ಲ. ಫೋಕಸ್‌ನ y = 3 ಕೂಡ ಇಬ್ಬರದೂ ಸರಿ, ಅಂದರೆ −12y ಸಹ ಸರಿಯಾಗಿಯೇ ಓದಿದ್ದೇವೆ. ಉಳಿದದ್ದು ಕೊನೆಯ ಸಂಖ್ಯೆ ಒಂದೇ.

ಫ್ಲ್ಯಾಶ್ ಆರಿಸಿ, ಪುಟ ಚಪ್ಪಟೆ ಮಾಡಿ ಇನ್ನೊಂದು ಫೋಟೋ ತೆಗೆಯಲು ಹೇಳಿದೆ. ಅದು 30 ಅಲ್ಲ, 50! ಮಡಿಕೆಯ ಗೆರೆ 5 ರ ತಲೆಯ ಮೇಲೇ ಹಾದುಹೋಗಿತ್ತು.

(y − 3)² = −8x − 25 + 9 = −8(x + 2)

ಶೃಂಗ (−2, 3), ಫೋಕಸ್ (−4, 3), ಡೈರೆಕ್ಟ್ರಿಕ್ಸ್ x = 0. ಅದೇ y-ಅಕ್ಷ.

ಆದರೆ ಅವಳ ಕೈಯಲ್ಲಿ ಪತ್ರಿಕೆಯೇ ಇತ್ತಲ್ಲ, 50 ಅಂತಲೇ ಓದಿದ್ದಾಳೆ. ಹಾಗಾದರೆ 73/16 ಎಲ್ಲಿಂದ ಬಂತು? ಅವಳ ನೋಟ್‌ಬುಕ್ಕಿನ ಫೋಟೋ ತರಿಸಿಕೊಂಡೆ. ಅವಳು 2 ರಿಂದ ಭಾಗಿಸದೆ, ಅದನ್ನು ಕಂಸದ ಹೊರಗೆ ಇಟ್ಟಿದ್ದಳು:

2(y² − 6y + 9) = −16x − 50 + 9

ಎಡಗಡೆ ಕಂಸದೊಳಗೆ 9 ಹಾಕಿದರೂ, ಹೊರಗೆ 2 ಇರುವುದರಿಂದ ನಿಜವಾಗಿ ಸೇರಿದ್ದು 18. ಬಲಗಡೆಯೂ 18 ಸೇರಬೇಕಿತ್ತು. ಈ ತಪ್ಪನ್ನು ನಾನು ತುಂಬಾ ಜನರಲ್ಲಿ ನೋಡಿದ್ದೇನೆ, ನಾನೂ ಮಾಡಿದ್ದೇನೆ. ಇದೂ ಕೊನೆಯ ಸಂಖ್ಯೆಯನ್ನಷ್ಟೇ ಕೆಡಿಸುತ್ತದೆ, ಅದಕ್ಕೇ ಅವಳಿಗೂ 8 ಬಂದದ್ದು.

"ಕೀ ಇಲ್ಲದಿದ್ರೆ ಗೊತ್ತಾಗೋದು ಹೇಗೆ?" ಅಂದಳು. ಫೋಕಸ್‌ನ x ಬೆಲೆಯನ್ನು ಮೂಲ ಸಮೀಕರಣಕ್ಕೆ ಹಾಕಿ ನೋಡು ಅಂದೆ. x = −4 ಹಾಕಿದರೆ 2y² − 12y − 14 = 0, ಅಂದರೆ y = 7 ಅಥವಾ −1. ಇವೆರಡರ ಅಂತರ 8, ಅದೇ ಲೇಟಸ್ ರೆಕ್ಟಮ್. ನಡುಬಿಂದು 3, ಅದೇ ಫೋಕಸ್‌ನ y. ಅವಳ −73/16 ಹಾಕಿದರೆ ಅಂತರ √82 ಬರುತ್ತದೆ, ಒಂಬತ್ತಕ್ಕಿಂತ ಸ್ವಲ್ಪ ಜಾಸ್ತಿ. ಅಲ್ಲಿಗೆ ಸಿಕ್ಕಿಬಿದ್ದಳು.

ನನ್ನ ತಪ್ಪು ಮಾತ್ರ ಇದರಲ್ಲಿ ಸಿಗುವುದಿಲ್ಲ. 30 ಇರುವ ಸಮೀಕರಣಕ್ಕೆ x = −11/4 ಹಾಕಿ ನೋಡಿದೆ. ಮತ್ತೆ ಅದೇ 2y² − 12y − 14 = 0, ಅದೇ 7 ಮತ್ತು −1. ಲೆಕ್ಕ ಸರಿಯಿದೆ, ಓದಿದ್ದೇ ತಪ್ಪು, ಇದನ್ನು ಯಾವ ತಾಳೆಯೂ ಹಿಡಿಯಲಾರದು. ಈಗ ಅವಳು ಫೋಟೋದ ಕೆಳಗೆ ಸಮೀಕರಣವನ್ನು ಟೈಪ್ ಮಾಡಿಯೂ ಕಳಿಸುತ್ತಾಳೆ.