ಕೈಬಿಚ್ಚಿ ಕೊಟ್ಟ ಅಂಕ ಪಕ್ಕದ ಟೀಮಿನ ಪಾಲು ತಿನ್ನುತ್ತದೆ

ಅಪ್ರೈಸಲ್ ಅಂಕಗಳ ಪಟ್ಟಿ ಕೈಗೆ ಬಂದಾಗ ನಾನು ಮೊದಲು ನೋಡುವುದು ಅಂಕ ಪಡೆದವರ ಹೆಸರನ್ನಲ್ಲ, ಕೊಟ್ಟವರ ಹೆಸರನ್ನು. ಪಟ್ಟಿಯನ್ನು ಮ್ಯಾನೇಜರ್ ಪ್ರಕಾರ ವಿಂಗಡಿಸಿ, ಒಬ್ಬೊಬ್ಬರು ಕೊಟ್ಟ ಅಂಕಗಳನ್ನು ಒಂದೊಂದು ಸಾಲಾಗಿ ಬರೆದುಕೊಂಡರೆ ಯಾರ ಕೈ ಸಡಿಲ, ಯಾರ ಕೈ ಬಿಗಿ ಎಂಬುದು ಕಣ್ಣಿಗೇ ಕಾಣುತ್ತದೆ. ಕಷ್ಟವಿರುವುದು ಅದರ ಮುಂದೆ.

ಲೆಕ್ಕ ಸುಲಭವಾಗಲೆಂದು ಒಂದು ಸಣ್ಣ ಉದಾಹರಣೆ ಇಟ್ಟುಕೊಳ್ಳೋಣ. ಒಂದು ವಿಭಾಗದಲ್ಲಿ ಎರಡು ಟೀಮ್, ತಲಾ 8 ಜನ, ಅಂಕ 1ರಿಂದ 5ರವರೆಗೆ. ಮೊದಲ ಟೀಮಿನಲ್ಲಿ ಆರು ಜನಕ್ಕೆ 5, ಇಬ್ಬರಿಗೆ 4, ಸರಾಸರಿ 4.75. ಎರಡನೆಯದರಲ್ಲಿ ಒಬ್ಬರಿಗೆ 5, ಮೂವರಿಗೆ 4, ಮೂವರಿಗೆ 3, ಒಬ್ಬರಿಗೆ 2, ಸರಾಸರಿ 3.5. ಇನ್‌ಕ್ರಿಮೆಂಟ್‌ಗೆ ಇಟ್ಟ ಹಣ ಇಡೀ ವಿಭಾಗಕ್ಕೆ ಒಂದೇ. ಅದನ್ನು ಹಂಚುವಾಗ 5 ಅಂಕಕ್ಕೆ 3 ಪಾಲು, 4ಕ್ಕೆ 2, 3ಕ್ಕೆ 1, 2ಕ್ಕೆ ಏನೂ ಇಲ್ಲ ಎಂದಿರಲಿ.

ಮೊದಲ ಟೀಮಿಗೆ 22 ಪಾಲು, ಎರಡನೆಯದಕ್ಕೆ 12. ಒಟ್ಟು 34ರಲ್ಲಿ ಸುಮಾರು ಶೇ. 65ರಷ್ಟು ಹಣ ಮೊದಲ ಟೀಮಿಗೇ ಹೋಯಿತು. ಮೊದಲ ಟೀಮಿನಲ್ಲಿ ಎಲ್ಲರಿಗಿಂತ ಹಿಂದಿರುವ ಇಬ್ಬರಿಗೆ ಸಿಕ್ಕಿದ್ದು ತಲಾ 2 ಪಾಲು. ಎರಡನೆಯ ಟೀಮಿನಲ್ಲಿ ಮುಂಚೂಣಿಯವರಿಗೂ, ಒಬ್ಬರನ್ನು ಬಿಟ್ಟರೆ, ಸಿಕ್ಕಿದ್ದು ಅಷ್ಟೇ. ಕೈ ಸಡಿಲ ಬಿಟ್ಟ ಮ್ಯಾನೇಜರ್ ತನ್ನವರಿಗೆ ಒಳ್ಳೆಯದು ಮಾಡಿದೆ ಎಂದುಕೊಂಡಿರುತ್ತಾರೆ, ಆದರೆ ಕೊಟ್ಟದ್ದು ಪಕ್ಕದವರ ಜೇಬಿನಿಂದ. ಬಿಗಿಯಾಗಿದ್ದ ಮ್ಯಾನೇಜರ್ ಇದನ್ನು ಒಮ್ಮೆ ಕಂಡರೆ ಮುಂದಿನ ವರ್ಷ ತಾನೂ ಎಲ್ಲರಿಗೂ 4, 5 ಬರೆಯುತ್ತಾರೆ. ಅಂಕಗಳ ಉಬ್ಬರ ಇಡೀ ವಿಭಾಗಕ್ಕೆ ಹಬ್ಬುವುದು ಹೀಗೆ. ಅದಕ್ಕೆ ಯಾರೂ ಕೆಟ್ಟವರಾಗಬೇಕಿಲ್ಲ.

ಇಷ್ಟು ಕಂಡ ತಕ್ಷಣ ತೀರ್ಪು ಕೊಡಬಾರದು. ಮೊದಲ ಟೀಮಿನವರು ನಿಜವಾಗಿಯೂ ಚೆನ್ನಾಗಿ ಕೆಲಸ ಮಾಡಿರಬಹುದು. ಸರಾಸರಿ ಒಂದರಿಂದಲೇ ಅದನ್ನು ಹೇಳಲು ಬರುವುದಿಲ್ಲ. ನಾನು ಹುಡುಕುವುದು ಇಬ್ಬರು ಮ್ಯಾನೇಜರ್‌ಗಳೂ ಹತ್ತಿರದಿಂದ ನೋಡಿದ ಜನರನ್ನು: ವರ್ಷದ ನಡುವೆ ಟೀಮ್ ಬದಲಿಸಿದವರು, ಎರಡೂ ಟೀಮಿನ ಪ್ರಾಜೆಕ್ಟ್‌ನಲ್ಲಿ ದುಡಿದವರು. ಅಂಥ ಮೂವರು ಸಿಕ್ಕರೂ ಸಾಕು. ಇಬ್ಬರೂ ಒಬ್ಬರದನ್ನೊಬ್ಬರು ನೋಡದೆ ಅವರಿಗೆ ಅಂಕ ಬರೆಯಬೇಕು. ಮೊದಲಿನವರು 5, 5, 4 ಎಂದೂ ಎರಡನೆಯವರು ಅದೇ ಮೂವರಿಗೆ 4, 3, 3 ಎಂದೂ ಬರೆದರೆ ಸರಾಸರಿಯ ಅಂತರ 1.33. ಟೀಮುಗಳ ನಡುವಿನ ಅಂತರ 1.25. ಅಂದರೆ ಟೀಮುಗಳ ನಡುವೆ ಕಂಡ ವ್ಯತ್ಯಾಸ ಹೆಚ್ಚೂಕಡಿಮೆ ಪೂರ್ತಿ ಅಂಕ ಹಾಕುವ ಕೈಯದು, ಕೆಲಸದ್ದಲ್ಲ. ಅದೇ ಮೂವರಿಗೆ ಇಬ್ಬರ ಅಂಕವೂ ಹತ್ತಿರ ಹತ್ತಿರ ಬಂದಿದ್ದರೆ ಮೊದಲ ಟೀಮೇ ಮೇಲು ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ಮೂರು ಜನರಿಂದ ಸಿಗುವುದು ಸುಳಿವು, ಸಾಕ್ಷಿಯಲ್ಲ. ಹಾಗಾಗಿ ಗಡುವು ತಪ್ಪಿದ ಕೆಲಸಗಳು, ಮರಳಿ ಬಂದು ಮತ್ತೆ ಮಾಡಬೇಕಾದ ಕೆಲಸಗಳ ದಾಖಲೆಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ.

ಇಲ್ಲಿ ಬಹಳ ಮಂದಿ ಮಾಡುವ ತಪ್ಪು, ಲೆಕ್ಕದಿಂದಲೇ ಸರಿಮಾಡಲು ಹೊರಡುವುದು. ಮೊದಲ ಟೀಮಿನ ಪ್ರತಿಯೊಬ್ಬರಿಂದಲೂ 1.25 ಕಳೆದುಬಿಡಿ ಎನ್ನುತ್ತಾರೆ. ಕಳೆದರೆ ಆರು ಜನ 3.75ಕ್ಕೆ ಬಂದು ನಿಲ್ಲುತ್ತಾರೆ. ಆ ಆರರಲ್ಲಿ ನಿಜವಾದ 5ರ ಆಳು ಒಬ್ಬರಿದ್ದರೆ ಅವರಿಗೆ ಮೇಲೇಳಲು ದಾರಿಯೇ ಇಲ್ಲ, ಎರಡನೆಯ ಟೀಮಿನ 5 ಮಾತ್ರ ಹಾಗೇ ಉಳಿಯಿತು. ಉಬ್ಬಿದ ಅಂಕ ಬರೀ ಮೇಲಕ್ಕೆ ಸರಿದ ಅಂಕವಲ್ಲ. 5ರ ಮೇಲೆ ಜಾಗವಿಲ್ಲದ ಕಾರಣ ಒಳ್ಳೆಯವರೂ ತೀರಾ ಒಳ್ಳೆಯವರೂ ಅಲ್ಲೇ ಒತ್ತೊತ್ತಾಗಿ ನಿಂತಿರುತ್ತಾರೆ. ಅವರ ನಡುವಿನ ವ್ಯತ್ಯಾಸ ಅಂಕದಲ್ಲಿ ಇಲ್ಲವೇ ಇಲ್ಲ; ಇಲ್ಲದ್ದನ್ನು ಯಾವ ಸೂತ್ರವೂ ಹೊರತರಲಾರದು.

ಝಡ್ ಸ್ಕೋರ್ ಬಳಸಿದರೆ ಇನ್ನೂ ದೊಡ್ಡ ಅನ್ಯಾಯವಾಗಬಹುದು. ಅಂದರೆ ಪ್ರತಿ ಅಂಕದಿಂದ ಟೀಮಿನ ಸರಾಸರಿ ಕಳೆದು, ಆ ಟೀಮಿನ ಸ್ಟ್ಯಾಂಡರ್ಡ್ ಡೀವಿಯೇಶನ್‌ನಿಂದ, ಎಂದರೆ ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆಯಿಂದ, ಭಾಗಿಸುವುದು. ನಮ್ಮ ಉದಾಹರಣೆಯಲ್ಲಿ ಮೊದಲ ಟೀಮಿನದು 0.433, ಎರಡನೆಯದರದು 0.866.

```
(4 - 4.75) / 0.433 = -1.73
(2 - 3.50) / 0.866 = -1.73
```

ಮೊದಲ ಟೀಮಿನಲ್ಲಿ 4 ಪಡೆದವರೂ ಎರಡನೆಯದರಲ್ಲಿ 2 ಪಡೆದವರೂ ಒಂದೇ ಆಗಿಬಿಟ್ಟರು. ಆ 4ರ ಇಬ್ಬರು ಅಷ್ಟು ಹಿಂದುಳಿದವರು ಎಂದು ಯಾರೂ ಹೇಳಿರಲಿಲ್ಲ. ಅಂಕಗಳು ಒಂದೆಡೆ ಒತ್ತಿಕೊಂಡಿದ್ದಾಗ ಭಾಗಾಕಾರವು ಚಿಕ್ಕ ಅಂತರವನ್ನೂ ಹಿಗ್ಗಿಸಿಬಿಡುತ್ತದೆ. ಎಂಟು ಜನರ ಟೀಮಿನಲ್ಲಿ ಇದನ್ನು ಮಾಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಇಂತಿಷ್ಟು ಶೇಕಡಾ ಜನರನ್ನು ಕೆಳಗಿನ ದರ್ಜೆಗೆ ಹಾಕಲೇಬೇಕೆಂಬ ನಿಯಮದ ಪಾಡೂ ಇಷ್ಟೇ. 8 ಜನರಲ್ಲಿ ಶೇ. 10 ಎಂದರೆ 0.8 ಮನುಷ್ಯನಷ್ಟಾಗುತ್ತದೆ.

ಹಾಗಾದರೆ ಮಾಹಿತಿ ಎಲ್ಲಿದೆ? ಮ್ಯಾನೇಜರ್ ತಲೆಯಲ್ಲಿ. 1997ರಲ್ಲಿ ಜವಾಹರ್ ಮತ್ತು ವಿಲಿಯಮ್ಸ್ ಎಂಬ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಂಬಳ, ಬಡ್ತಿಯಂಥ ನಿರ್ಧಾರಕ್ಕಾಗಿ ಕೊಟ್ಟ ಅಂಕಗಳು ಸಂಶೋಧನೆ ಅಥವಾ ಕಲಿಕೆಗಾಗಿ ಕೊಟ್ಟವುಗಳಿಗಿಂತ ಸುಮಾರು ಮೂರನೇ ಒಂದು ಸ್ಟ್ಯಾಂಡರ್ಡ್ ಡೀವಿಯೇಶನ್‌ನಷ್ಟು ಹೆಚ್ಚಿರುವುದು ಕಂಡಿತು. ಹಣ ಬಂದಾಗ ಕೈ ಸಡಿಲವಾಗುತ್ತದೆ, ತಿಳಿವಳಿಕೆ ಕಡಿಮೆಯಾಗಿರುವುದಿಲ್ಲ. ಆದ್ದರಿಂದ ನಾನು ಅಂಕದ ಪಟ್ಟಿಯನ್ನು ಪಕ್ಕಕ್ಕಿಟ್ಟು, ಆ ಆರು ಜನರನ್ನು ಬರೀ ಸಾಲಿನಲ್ಲಿ ನಿಲ್ಲಿಸಿ ಎಂದು ಕೇಳುತ್ತೇನೆ. ಒಟ್ಟಾರೆಯಾಗಿ ಅಲ್ಲ, ಒಂದೊಂದು ಅಂಶಕ್ಕೂ ಬೇರೆಬೇರೆಯಾಗಿ: ಕೆಲಸದ ಗುಣಮಟ್ಟದಲ್ಲಿ ಯಾರು ಮುಂದೆ, ಗಡುವು ಪಾಲಿಸುವುದರಲ್ಲಿ ಯಾರು ಮುಂದೆ. ಆರೂ ಜನಕ್ಕೆ 5 ಬರೆದವರೇ ಸಾಲು ಕೇಳಿದಾಗ ಹೆಚ್ಚು ತಡವರಿಸದೆ ಹೇಳುತ್ತಾರೆ.

ಅದರ ನಂತರ ಎಲ್ಲ ಮ್ಯಾನೇಜರ್‌ಗಳೂ ಕೂತು ಅಂಕಗಳನ್ನು ಒಂದೇ ಅಳತೆಗೆ ತರುವ ಕ್ಯಾಲಿಬ್ರೇಶನ್ ಮೀಟಿಂಗ್. ಆರಂಭಿಸಬೇಕಾದ್ದು ಅತಿ ಮೇಲಿನವರಿಂದಲ್ಲ, ಪ್ರತಿ ಸಾಲಿನ ನಡುವಿನವರಿಂದ. ಉಬ್ಬರ ಸಿಕ್ಕಿಬೀಳುವುದು ಅಲ್ಲೇ. ಕೇಳುವ ಪ್ರಶ್ನೆ ಒಂದೇ: 4 ಅಂಕದವರು ಮಾಡದ ಯಾವ ಕೆಲಸವನ್ನು ಇವರು ಮಾಡಿದ್ದಾರೆ? 'ತುಂಬಾ ಶ್ರಮಜೀವಿ' ಎಂಬುದು ಉತ್ತರವಲ್ಲ. 'ಮೂರು ತಿಂಗಳಿಂದ ನಿಂತಿದ್ದ ವರದಿಯ ತಪ್ಪನ್ನು ತಾವೇ ಹುಡುಕಿ ಸರಿಮಾಡಿದರು' ಎಂಬುದು ಉತ್ತರ. ಅದನ್ನು ಹಾಗೇ ಬರೆದಿಟ್ಟು, ಮುಂದಿನ ವರ್ಷದ ಫಾರ್ಮ್‌ನಲ್ಲಿ 5ಕ್ಕೆ ಮಾದರಿಯಾಗಿ ಅಚ್ಚು ಹಾಕುತ್ತೇನೆ. ಕೋಣೆಯಲ್ಲಿ ಎಲ್ಲರಿಗಿಂತ ಹಿರಿಯರು ಕೊನೆಗೆ ಮಾತಾಡಬೇಕು. ಮೊದಲೇ ಬಾಯಿಬಿಟ್ಟರೆ ಉಳಿದವರ ಅಂಕ ಅತ್ತಲೇ ವಾಲುತ್ತದೆ.

ಮೀಟಿಂಗ್ ಮುಗಿಯುವವರೆಗೆ ಯಾರಿಗೂ ಅಂಕ ತಿಳಿಸಕೂಡದು. ಮೊದಲೇ 5 ಎಂದು ಕಿವಿಯಲ್ಲಿ ಹೇಳಿದ್ದರೆ, ಆಮೇಲೆ 'ನಾನು ಕೊಟ್ಟಿದ್ದೆ, ಮೇಲಿನವರು ಕಿತ್ತುಕೊಂಡರು' ಎಂಬ ಮಾತು ಬರುತ್ತದೆ. ಕೆಳಗಿಳಿದ ಅಂಕದ ಕಾರಣವನ್ನು ಎದುರು ಕೂತು ಹೇಳಬೇಕಾದವರು ಅದೇ ಮ್ಯಾನೇಜರ್. ಆ ಹತ್ತು ನಿಮಿಷದ ಮಾತುಕತೆಯ ಭಯವೇ ಬಹುಪಾಲು ಸಡಿಲ ಕೈಗಳ ಮೂಲವಾದ್ದರಿಂದ, ಬರೆದಿಟ್ಟ ಘಟನೆಗಳ ಹಾಳೆಯನ್ನು ಅವರ ಕೈಗೆ ಕೊಟ್ಟೇ ಕಳಿಸುತ್ತೇನೆ.