‘ಫಾಲ್ಸ್’ ಎಂದು ಬರೆಯುವ ಮುನ್ನ

ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ರೀಡಿಂಗ್‌ಗೆ ಓದುತ್ತಿರುವವರಿಗೆ ಒಂದು ಸಲಹೆ. ಅಲ್ಲಿನ ಒಂದು ಬಗೆಯ ಪ್ರಶ್ನೆಯಲ್ಲಿ, ಕೊಟ್ಟ ಹೇಳಿಕೆ ಗದ್ಯಕ್ಕೆ ಹೊಂದಿದರೆ ‘ಟ್ರೂ’, ಗದ್ಯ ಅದನ್ನು ಅಲ್ಲಗಳೆದರೆ ‘ಫಾಲ್ಸ್’, ಗದ್ಯ ಏನೂ ಹೇಳಿರದಿದ್ದರೆ ‘ನಾಟ್ ಗಿವನ್’ ಎಂದು ಬರೆಯಬೇಕು. ಹೇಳಿಕೆಯ ಮಾತು ಗದ್ಯದಲ್ಲಿ ಬೇರೆ ಪದಗಳಲ್ಲಿ ಬಂದಾಗ ಹೆಚ್ಚಿನವರು ಎಡವುವುದು ‘ಫಾಲ್ಸ್’ ಮತ್ತು ‘ನಾಟ್ ಗಿವನ್’ ನಡುವೆ.

ಅಭ್ಯಾಸಕ್ಕೆ ಒಂದು ವಾಕ್ಯ ಕಟ್ಟಿಕೊಳ್ಳೋಣ: ‘1860ರ ಹೊತ್ತಿಗೆ ಊರಿನ ಬಹುತೇಕ ಗಿರಣಿಗಳು ಉಗಿ ಯಂತ್ರಕ್ಕೆ ಬದಲಾಗಿದ್ದವು, ಕೆಲವು ಮಾತ್ರ ನೀರಿನ ಚಕ್ರವನ್ನೇ ನೆಚ್ಚಿಕೊಂಡಿದ್ದವು.’

‘1860ರಲ್ಲಿ ನೀರಿನಿಂದ ನಡೆಯುವ ಗಿರಣಿಗಳು ಕಡಿಮೆ ಇದ್ದವು’ ಎಂಬ ಹೇಳಿಕೆ ಟ್ರೂ. ಪದ ಬೇರೆ, ಅರ್ಥ ಒಂದೇ. ‘ಆಗ ಎಲ್ಲ ಗಿರಣಿಗಳೂ ಉಗಿಯಿಂದ ನಡೆಯುತ್ತಿದ್ದವು’ ಎಂಬುದು ಫಾಲ್ಸ್. ‘ಕೆಲವು’ ಎಂಬ ಪದ ಅದನ್ನು ನೇರವಾಗಿ ಅಲ್ಲಗಳೆಯುತ್ತದೆ. ‘ಉಗಿ ಯಂತ್ರದಿಂದ ಗಿರಣಿಗಳ ಲಾಭ ಹೆಚ್ಚಿತು’ ಎಂಬುದು? ಲಾಭ ಬಂದಿರಬೇಕೆಂದು ನಮಗೆ ಅನ್ನಿಸುತ್ತದೆ, ಆದರೆ ಗದ್ಯ ಲಾಭದ ಮಾತನ್ನೇ ಎತ್ತಿಲ್ಲ. ಆದ್ದರಿಂದ ನಾಟ್ ಗಿವನ್.

ಪರೀಕ್ಷಿಸುವ ಬಗೆ ಇದು: ಗದ್ಯ ಮತ್ತು ಹೇಳಿಕೆ ಎರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯವೇ ಎಂದು ಕೇಳಿಕೊಳ್ಳಿ. ಸಾಧ್ಯವೇ ಇಲ್ಲದಿದ್ದರೆ ಫಾಲ್ಸ್, ಮತ್ತು ಹೇಳಿಕೆಯನ್ನು ಅಲ್ಲಗಳೆಯುವ ಪದದ ಮೇಲೆ ನೀವು ಬೆರಳಿಡಬಲ್ಲಿರಿ. ಸಾಧ್ಯವಿದ್ದೂ ಗದ್ಯ ಅದನ್ನು ಹೇಳಿರದಿದ್ದರೆ ನಾಟ್ ಗಿವನ್. ‘ಎಲ್ಲ’, ‘ಮೊದಲ’, ‘ಮಾತ್ರ’, ‘ಏಕೆಂದರೆ’ ಇಂಥವನ್ನು ಹೇಳಿಕೆಯಲ್ಲಿ ಮೊದಲೇ ಗುರುತು ಹಾಕಿಕೊಳ್ಳಿ. ಅದರಲ್ಲೂ ಕಾರಣ ಹೇಳುವ ಹೇಳಿಕೆಯ ಬಗ್ಗೆ ಎಚ್ಚರ: ಎರಡೂ ಘಟನೆಗಳು ಗದ್ಯದಲ್ಲಿದ್ದರೂ ನಡುವಿನ ಕೊಂಡಿ ಇರದಿರಬಹುದು.

ಈ ಪ್ರಶ್ನೆಗಳು ಗದ್ಯದ ಕ್ರಮದಲ್ಲೇ ಬರುತ್ತವೆ. ಹಿಂದಿನ ಮತ್ತು ಮುಂದಿನ ಉತ್ತರ ಸಿಕ್ಕ ಸಾಲುಗಳ ನಡುವೆ ಹುಡುಕಿ, ಸಿಗದಿದ್ದರೆ ನಾಟ್ ಗಿವನ್ ಬರೆದು ಮುಂದೆ ಸಾಗಿ.